ಆಸ್ಪತ್ರೆಗೆ ಟ್ರೈಜನರೇಶನ್: ಎಂಜಿನ್ ಎಷ್ಟು ದೊಡ್ಡದಿರಬೇಕು?

ಪ್ರಶ್ನೆ: ನಾನು ಬೆಂಗಳೂರಿನ 300 ಹಾಸಿಗೆಗಳ ಒಂದು ಆಸ್ಪತ್ರೆಯಲ್ಲಿ ನಿರ್ವಹಣಾ ಎಂಜಿನಿಯರ್. ವರ್ಷಕ್ಕೆ ಸುಮಾರು 55 ಲಕ್ಷ ಯೂನಿಟ್ ವಿದ್ಯುತ್ ಬಳಸುತ್ತೇವೆ, ಗರಿಷ್ಠ ಬೇಡಿಕೆ 1,100 ಕಿಲೋವ್ಯಾಟ್ ಮುಟ್ಟುತ್ತದೆ. ಪೈಪ್ ಗ್ಯಾಸ್ ನಮ್ಮ ಗೇಟಿನವರೆಗೆ ಬಂದಿದೆ, ಹಾಗಾಗಿ ಒಂದೇ ಗ್ಯಾಸ್ ಎಂಜಿನ್‌ನಿಂದ ವಿದ್ಯುತ್, ಬಿಸಿನೀರು ಮತ್ತು ತಂಪು ಮೂರನ್ನೂ ಪಡೆಯುವ ಟ್ರೈಜನರೇಶನ್ ಸ್ಥಾವರದ ಯೋಚನೆಯಿದೆ. ಒಬ್ಬ ಸರಬರಾಜುದಾರರು 1,000 ಕಿಲೋವ್ಯಾಟ್ ಗ್ಯಾಸ್ ಎಂಜಿನ್ ಮತ್ತು ಶಾಖದಿಂದ ತಂಪು ಮಾಡುವ 280 ಟನ್ ವೇಪರ್ ಅಬ್ಸಾರ್ಪ್ಷನ್ ಯಂತ್ರ, ಅಂದರೆ ವಿಎಎಂ ಸೂಚಿಸಿ, ನಿಮ್ಮ ವಾರ್ಷಿಕ ಶಾಖ–ವಿದ್ಯುತ್ ಅನುಪಾತ 1.27 ಇರುವುದರಿಂದ ಎಂಜಿನ್‌ನ ಶಾಖವೆಲ್ಲ ಬಳಕೆಯಾಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು 500 ಕಿಲೋವ್ಯಾಟ್ ಸಾಕು ಎನ್ನುತ್ತಾರೆ. ಲೋಡ್ ಡ್ಯೂರೇಶನ್ ಕರ್ವ್ ನೋಡಿ ಇದನ್ನು ನಾವೇ ತೀರ್ಮಾನಿಸುವುದು ಹೇಗೆ?

ಉತ್ತರ: ನಿಮ್ಮಂಥ ಲೋಡ್ ಇರುವ ಆಸ್ಪತ್ರೆಗೆ 500 ಕಿಲೋವ್ಯಾಟ್ ಆಸುಪಾಸಿನ ಎಂಜಿನ್ ಸರಿಹೊಂದುತ್ತದೆ, 1,000 ಕಿಲೋವ್ಯಾಟ್ ಎಂಜಿನ್ ಹಾಕಿದರೆ ವರ್ಷದಲ್ಲಿ ಸಿಗುವ ಉಪಯುಕ್ತ ಯೂನಿಟ್‌ಗಳು ಹೆಚ್ಚುವುದಿಲ್ಲ, ಕಡಿಮೆಯಾಗುತ್ತವೆ. ಆದರೆ ಗ್ಯಾಸ್ ದರ ಒಂದು ಮಿತಿಯನ್ನು ದಾಟಿದ್ದರೆ ಎರಡೂ ಬೇಡ. ಈ ಮೂರು ಮಾತುಗಳಿಗೂ ಲೆಕ್ಕ ಕೊಡುತ್ತೇನೆ.

ಮೊದಲಿಗೆ 1.27 ಎಂಬ ಅಂಕಿಯನ್ನು ನೋಡೋಣ. ವರ್ಷದ ಒಟ್ಟು ಶಾಖವನ್ನು ವರ್ಷದ ಒಟ್ಟು ವಿದ್ಯುತ್ತಿನಿಂದ ಭಾಗಿಸಿದಾಗ ಬರುವ ಅನುಪಾತ ಅದು. ಎಂಜಿನ್ ವರ್ಷದ ಒಟ್ಟು ಮೊತ್ತಕ್ಕೆ ಓಡುವುದಿಲ್ಲ, ಆಯಾ ಗಂಟೆಯ ಲೋಡಿಗೆ ಓಡುತ್ತದೆ. ಬೇಸಿಗೆ ಮಧ್ಯಾಹ್ನ ಬೇಕಾಗುವ ಶಾಖ ಜನವರಿಯ ರಾತ್ರಿ ಎರಡು ಗಂಟೆಯ ಎಂಜಿನ್‌ಗೆ ಯಾವ ನೆರವನ್ನೂ ನೀಡಲಾರದು, ಏಕೆಂದರೆ ಕೆಲವು ಗಂಟೆಗಳ ಬಿಸಿನೀರನ್ನು ಬಿಟ್ಟರೆ ಶಾಖವನ್ನು ಕೂಡಿಡಲು ಆಗುವುದಿಲ್ಲ. ಆದ್ದರಿಂದ ಅನುಪಾತವನ್ನು ಗಂಟೆ ಗಂಟೆಗೂ ಲೆಕ್ಕ ಹಾಕಬೇಕು.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು, ಅನೇಕ ಪ್ರಸ್ತಾವನೆಗಳು ಎಡವುವುದೂ ಇಲ್ಲೇ. ನಿಮ್ಮ ಎಚ್‌ಟಿ ಮೀಟರ್ ತೋರಿಸುವ 1,100 ಕಿಲೋವ್ಯಾಟ್‌ನೊಳಗೆ ಈಗಿನ ವಿದ್ಯುತ್ ಚಿಲ್ಲರ್‌ಗಳ ಕಂಪ್ರೆಸರ್ ಲೋಡ್ ಕೂಡ ಸೇರಿದೆ. ವಿಎಎಂ ಬಂದು ತಂಪು ಕೊಡಲು ಆರಂಭಿಸಿದೊಡನೆ ಅಷ್ಟು ವಿದ್ಯುತ್ ಬೇಡಿಕೆ ಮಾಯವಾಗಿ ಶಾಖದ ಬೇಡಿಕೆಯ ರೂಪ ತಾಳುತ್ತದೆ. ಅಂದರೆ ನೀವು ಅಳೆಯುತ್ತಿರುವ ವಿದ್ಯುತ್ ರೇಖೆ ಸ್ಥಾವರ ಬಂದ ಮೇಲೆ ಹಾಗೇ ಇರುವುದಿಲ್ಲ. ಎಂಜಿನ್ ದೊಡ್ಡದಾದಷ್ಟೂ ಅದು ಕೆಳಗಿಳಿಯುತ್ತದೆ. ಹಳೆಯ ಬಿಲ್ಲಿನ ರೇಖೆಯ ಮೇಲೆ ಎಂಜಿನ್ ಆರಿಸಿದವರು ಈಗಾಗಲೇ ಇಲ್ಲವಾಗಿರುವ ಲೋಡಿಗೆ ಹಣ ಕೊಟ್ಟಂತಾಗುತ್ತದೆ.

ಇದನ್ನು ಅಂಕಿಗಳಲ್ಲಿ ಹಿಡಿಯಲು ಎಂಜಿನ್‌ನ ಸ್ವಭಾವ ತಿಳಿದಿರಬೇಕು. ಈ ಗಾತ್ರದ ಗ್ಯಾಸ್ ಎಂಜಿನ್ ಇಂಧನದ ಸುಮಾರು 40 ಪ್ರತಿಶತವನ್ನು ವಿದ್ಯುತ್ತಾಗಿಸುತ್ತದೆ. ಸರಿಸುಮಾರು 20 ಪ್ರತಿಶತ 90 ಡಿಗ್ರಿ ಸೆಲ್ಸಿಯಸ್‌ನ ಜಾಕೆಟ್ ನೀರಿನಲ್ಲಿಯೂ, ಇನ್ನೊಂದು 20 ಪ್ರತಿಶತ ಹೊಗೆಯ ಶಾಖದಲ್ಲಿಯೂ ಮರಳಿ ಸಿಗುತ್ತದೆ. ಹಾಗಾಗಿ ಒಂದು ಕಿಲೋವ್ಯಾಟ್ ವಿದ್ಯುತ್ತಿಗೆ ಒಂದು ಕಿಲೋವ್ಯಾಟ್ ಶಾಖ. ಎಂಜಿನ್‌ನ ಸ್ವಂತ ಅನುಪಾತ 1.0 ಎಂದು ಹಿಡಿಯಬಹುದು. ಹೊಗೆಯ ಶಾಖ ವಿಎಎಂನ ಡಬಲ್ ಎಫೆಕ್ಟ್ ಭಾಗಕ್ಕೆ ಹೋಗಿ 1.3ರಷ್ಟು ಸಿಒಪಿ, ಅಂದರೆ ಒಂದು ಪಾಲು ಶಾಖಕ್ಕೆ 1.3 ಪಾಲು ತಂಪು ಕೊಡುತ್ತದೆ, ಜಾಕೆಟ್ ನೀರು ಸಿಂಗಲ್ ಎಫೆಕ್ಟ್ ಭಾಗಕ್ಕೆ ಹೋಗಿ 0.7ರಷ್ಟು ಕೊಡುತ್ತದೆ. ಎರಡೂ ಸಮಪಾಲು ಇರುವುದರಿಂದ ಸರಾಸರಿ 1.0. ಒಂದು ಟನ್ ಎಂದರೆ 3.517 ಕಿಲೋವ್ಯಾಟ್ ತಂಪು. ಅಷ್ಟು ತಂಪಿಗೆ ಅಷ್ಟೇ ಶಾಖ ಬೇಕು. ನಿಮ್ಮ ವಿದ್ಯುತ್ ಚಿಲ್ಲರ್‌ನ ಕಂಪ್ರೆಸರ್ ಟನ್ನಿಗೆ 0.65 ಕಿಲೋವ್ಯಾಟ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಂಡರೆ, ತಂಪಿಗೆ ಹೋದ ಪ್ರತಿ ಕಿಲೋವ್ಯಾಟ್ ಶಾಖವೂ 0.185 ಕಿಲೋವ್ಯಾಟ್ ವಿದ್ಯುತ್ ಬೇಡಿಕೆಯನ್ನು ಅಳಿಸುತ್ತದೆ. ಪಂಪು ಮತ್ತು ಕೂಲಿಂಗ್ ಟವರ್‌ಗಳ ಲೋಡನ್ನು ಕಳೆಯಬೇಡಿ. ವಿಎಎಂ ಬಂದರೂ ಅವು ಓಡಲೇಬೇಕು.

ಉಪಕರಣಗಳನ್ನು ಸ್ಟೆರಿಲೈಸ್ ಮಾಡುವ ಸಿಎಸ್‌ಎಸ್‌ಡಿ ವಿಭಾಗದ ಆಟೋಕ್ಲೇವ್‌ಗಳ ಹಬೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ ಎಂಬುದು ನನ್ನ ಖಚಿತ ಸಲಹೆ. 134 ಡಿಗ್ರಿಯಲ್ಲಿ ಸ್ಟೆರಿಲೈಸ್ ಮಾಡುವ ಹಬೆಯನ್ನು 90 ಡಿಗ್ರಿಯ ಜಾಕೆಟ್ ನೀರಿನಿಂದ ತೆಗೆಯಲಾಗದು, ಹೊಗೆಯಿಂದ ತೆಗೆದರೆ ವಿಎಎಂನ ಒಳ್ಳೆಯ ಪಾಲೇ ಕೈತಪ್ಪುತ್ತದೆ. ಶಾಖ ಎಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ಕಾಲಂನಲ್ಲಿ ಕೂಡಿಸಿ ಅನುಪಾತವನ್ನು ಹಿಗ್ಗಿಸಿರುವ ವರದಿಗಳನ್ನು ನೋಡಿದ್ದೇನೆ. ಹಬೆಗೆ ನಿಮ್ಮ ಸಣ್ಣ ಬಾಯ್ಲರ್ ಹಾಗೇ ಇರಲಿ. ಸ್ನಾನ, ಅಡುಗೆಮನೆ ಮತ್ತು ಲಾಂಡ್ರಿಯ ಬಿಸಿನೀರು ಮಾತ್ರ ಎಂಜಿನ್ ಪಾಲಿಗಿರಲಿ.

ಈಗ ಲೋಡ್. ನೀವು ಗಂಟೆವಾರು ದಾಖಲೆ ಕಳುಹಿಸಿಲ್ಲವಾದ್ದರಿಂದ, ನಿಮ್ಮ ವಾರ್ಷಿಕ ಮೊತ್ತಕ್ಕೂ ಗರಿಷ್ಠ ಬೇಡಿಕೆಗೂ ಹೊಂದುವಂತೆ ವರ್ಷದ 8,760 ಗಂಟೆಗಳನ್ನು ಐದು ಕಟ್ಟುಗಳಾಗಿ ಊಹಿಸಿಕೊಂಡಿದ್ದೇನೆ. ವಿದ್ಯುತ್ ಎಂದರೆ ಈಗ ಮೀಟರ್ ತೋರಿಸುವ ಲೋಡ್.

| ಅವಧಿ | ಗಂಟೆಗಳು | ವಿದ್ಯುತ್ (ಕಿ.ವ್ಯಾ.) | ತಂಪು (ಟನ್) | ಬಿಸಿನೀರು (ಕಿ.ವ್ಯಾ.) |
|---|---|---|---|---|
| ಬೇಸಿಗೆಯ ಹಗಲು | 1,000 | 1,100 | 400 | 40 |
| ಉಳಿದ ತಿಂಗಳುಗಳ ಹಗಲು | 2,300 | 850 | 260 | 60 |
| ಮುಂಜಾನೆ, ಸಂಜೆ, ಭಾನುವಾರ | 2,500 | 540 | 120 | 130 |
| ಮಾರ್ಚ್–ಅಕ್ಟೋಬರ್ ರಾತ್ರಿ | 2,000 | 380 | 70 | 30 |
| ನವೆಂಬರ್–ಫೆಬ್ರವರಿ ರಾತ್ರಿ | 960 | 350 | 40 | 30 |

ಕೂಡಿದರೆ 55 ಲಕ್ಷ ಯೂನಿಟ್ ಬರುತ್ತದೆ. ಕಂಪ್ರೆಸರ್ ಲೋಡನ್ನು ಕಳೆದು, ತಂಪನ್ನು ಶಾಖವಾಗಿ ಬದಲಿಸಿ ಅನುಪಾತ ತೆಗೆದರೆ ವಾರ್ಷಿಕ ಸರಾಸರಿ ನಿಮ್ಮ ಸರಬರಾಜುದಾರರು ಹೇಳಿದ 1.27 ಆಗಿಯೇ ಬರುತ್ತದೆ. ಆದರೆ ಒಳಗೆ ನೋಡಿ: ಬೇಸಿಗೆಯ ಹಗಲು 1.72, ಉಳಿದ ಹಗಲು 1.43, ಮುಂಜಾನೆ–ಸಂಜೆ 1.19, ಸಾಮಾನ್ಯ ರಾತ್ರಿ 0.83, ಚಳಿಗಾಲದ ರಾತ್ರಿ 0.53. ಎಂಜಿನ್‌ನ ಅನುಪಾತ 1.0 ಆಗಿರುವುದರಿಂದ ಹಗಲಿನಲ್ಲಿ ಶಾಖಕ್ಕೆ ಬೇಡಿಕೆ ಧಾರಾಳವಾಗಿದ್ದು ವಿದ್ಯುತ್ ಬೇಡಿಕೆಯೇ ಎಂಜಿನ್‌ಗೆ ಮಿತಿ ಹಾಕುತ್ತದೆ. ರಾತ್ರಿ ಒಪಿಡಿ ಮುಚ್ಚಿ ಐಸಿಯು, ವಾರ್ಡು ಮತ್ತು ಒಂದೆರಡು ಆಪರೇಷನ್ ಥಿಯೇಟರ್ ಮಾತ್ರ ಉಳಿದಾಗ ಮಿತಿ ಹಾಕುವುದು ಶಾಖ. ಬೆಂಗಳೂರಿನ ರಾತ್ರಿಗಳು ತಂಪಾಗಿರುವುದರಿಂದ ಈ ತಿರುವು ಇಲ್ಲಿ ಚೆನ್ನೈಗಿಂತಲೂ ಮಂಗಳೂರಿಗಿಂತಲೂ ಜೋರಾಗಿ ಕಾಣುತ್ತದೆ. ಅಲ್ಲಿನ ಆಸ್ಪತ್ರೆಯ ಲೆಕ್ಕವನ್ನು ಇಲ್ಲಿಗೆ ತಂದು ಹಚ್ಚಬಾರದು ಎಂಬುದಕ್ಕೆ ಕಾರಣವೂ ಇದೇ.

ಇನ್ನು ಲೋಡ್ ಡ್ಯೂರೇಶನ್ ಕರ್ವ್, ಅಂದರೆ ಅವಧಿ ರೇಖೆ ಎಳೆಯುವ ವಿಧಾನ. ವಾಡಿಕೆಯಂತೆ ವಿದ್ಯುತ್ತಿನ 8,760 ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ ಒಂದು ರೇಖೆ, ಶಾಖದವನ್ನು ಹಾಗೇ ಜೋಡಿಸಿ ಇನ್ನೊಂದು ರೇಖೆ ಎಳೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹೀಗೆ ಜೋಡಿಸಿದಾಗ ಯಾವ ಶಾಖ ಯಾವ ವಿದ್ಯುತ್ತಿನ ಜೊತೆ ಒಂದೇ ಗಂಟೆಯಲ್ಲಿತ್ತು ಎಂಬ ಮಾಹಿತಿ ಅಳಿಸಿಹೋಗುತ್ತದೆ. ಬೆಳಗಿನ ಐದರಿಂದ ಏಳರವರೆಗೆ ವಾರ್ಡುಗಳ ಸ್ನಾನದ ನೀರಿನ ಬೇಡಿಕೆ ಏರಿರುತ್ತದೆ, ವಿದ್ಯುತ್ ಲೋಡ್ ಮಾತ್ರ ಇನ್ನೂ ರಾತ್ರಿಯ ಮಟ್ಟದಲ್ಲೇ ಇರುತ್ತದೆ. ಜೋಡಿಸಿದ ರೇಖೆಗಳಲ್ಲಿ ಆ ಬಿಸಿನೀರು ಮಧ್ಯಾಹ್ನದ ವಿದ್ಯುತ್ತಿನ ಪಕ್ಕ ಹೋಗಿ ಕೂರುತ್ತದೆ. ಆದ್ದರಿಂದ ಮೊದಲು ಪ್ರತಿ ಗಂಟೆಗೂ ಎಂಜಿನ್ ಉಪಯುಕ್ತವಾಗಿ ಎಷ್ಟು ಕಿಲೋವ್ಯಾಟ್ ಕೊಡಬಲ್ಲದು ಎಂದು ಕಂಡುಕೊಳ್ಳಿ, ಆಮೇಲೆ ಆ ಒಂದೇ ಕಾಲಂ ಅನ್ನು ಇಳಿಕೆಯ ಕ್ರಮಕ್ಕೆ ತನ್ನಿ. ಸ್ಪ್ರೆಡ್‌ಶೀಟ್‌ನಲ್ಲಿ B ಕಾಲಂನಲ್ಲಿ ಮೀಟರ್ ಕಿಲೋವ್ಯಾಟ್, C ಕಾಲಂನಲ್ಲಿ ತಂಪಿನ ಟನ್, D ಕಾಲಂನಲ್ಲಿ ಬಿಸಿನೀರಿನ ಕಿಲೋವ್ಯಾಟ್ ಇದ್ದರೆ, E ಮತ್ತು F ಕಾಲಂಗಳಿಗೆ ಈ ಎರಡು ಸೂತ್ರಗಳು ಸಾಕು:

```
=MIN((B2-50+0.185*D2)/1.185, 3.517*C2+D2)
=LARGE($E$2:$E$8761, ROW()-1)
```

ಮೊದಲ ಸೂತ್ರದ ಎಡಭಾಗ ವಿದ್ಯುತ್ತಿನ ಮಿತಿ. ಅದರಲ್ಲಿರುವ 1.185 ಎಂಬ ಭಾಜಕವೇ ಎಂಜಿನ್ ಬೆಳೆದಂತೆ ಕಂಪ್ರೆಸರ್ ಲೋಡ್ ಕುಗ್ಗುವುದನ್ನು ನೋಡಿಕೊಳ್ಳುತ್ತದೆ. 50 ಎಂಬುದು ಗ್ರಿಡ್‌ನಿಂದ ಸದಾ ಪಡೆಯುತ್ತಿರಬೇಕಾದ ಅಲ್ಪ ಪ್ರಮಾಣ; ಲಿಫ್ಟೋ ದೊಡ್ಡ ಪಂಪೋ ಹಠಾತ್ತನೆ ನಿಂತಾಗ ವಿದ್ಯುತ್ ಹೊರಕ್ಕೆ ಹರಿದು ರಿವರ್ಸ್ ಪವರ್ ರಿಲೇ ಟ್ರಿಪ್ ಆಗದಂತೆ ಈ ಅಂತರ ಬೇಕು. ಬಲಭಾಗ ಶಾಖದ ಮಿತಿ. ಎರಡರಲ್ಲಿ ಚಿಕ್ಕದು ಯಾವುದೋ ಅದೇ ಆ ಗಂಟೆಯ ಉಪಯುಕ್ತ ಎಂಜಿನ್ ಲೋಡ್.

ನಮ್ಮ ಐದು ಕಟ್ಟುಗಳಿಗೆ ಇದು ಕ್ರಮವಾಗಿ ಸುಮಾರು 890, 685, 435, 275 ಮತ್ತು 170 ಕಿಲೋವ್ಯಾಟ್ ಬರುತ್ತದೆ. ಅವಧಿ ರೇಖೆಯಾಗಿ ಓದಿದರೆ, 890 ಕಿಲೋವ್ಯಾಟ್ ಮಟ್ಟ 1,000 ಗಂಟೆ ಮಾತ್ರ ಸಿಗುತ್ತದೆ. 685 ಅಥವಾ ಅದಕ್ಕಿಂತ ಹೆಚ್ಚು 3,300 ಗಂಟೆ. 435 ಅಥವಾ ಹೆಚ್ಚು 5,800 ಗಂಟೆ. 275 ಅಥವಾ ಹೆಚ್ಚು 7,800 ಗಂಟೆ.

ಈ ರೇಖೆಯ ಮೇಲೆ ಎರಡೂ ಪ್ರಸ್ತಾವನೆಗಳನ್ನು ಇಡೋಣ. ಗ್ಯಾಸ್ ಎಂಜಿನ್‌ಗಳನ್ನು ಅರ್ಧ ಲೋಡಿಗಿಂತ ಕೆಳಗೆ ದೀರ್ಘಕಾಲ ಓಡಿಸುವುದು ಸರಿಯಲ್ಲ. ದಕ್ಷತೆ ಕುಸಿಯುತ್ತದೆ, ಸ್ಪಾರ್ಕ್ ಪ್ಲಗ್ ಮತ್ತು ದಹನ ಕೋಣೆಗಳಲ್ಲಿ ಕರಿ ಕಟ್ಟುತ್ತದೆ. 1,000 ಕಿಲೋವ್ಯಾಟ್ ಎಂಜಿನ್‌ಗೆ ಈ ಕೆಳಮಿತಿ 500. ಹಾಗಾಗಿ ಅದು ಮೊದಲ ಎರಡು ಕಟ್ಟುಗಳಲ್ಲಿ ಮಾತ್ರ ಓಡಿ, 435 ಕಿಲೋವ್ಯಾಟ್‌ನ ಮೂರನೆಯ ಕಟ್ಟಿನಲ್ಲೇ ನಿಲ್ಲಬೇಕಾಗುತ್ತದೆ. ವರ್ಷಕ್ಕೆ 3,300 ಗಂಟೆ ಓಟ, ಸಿಗುವುದು ಸುಮಾರು 24.7 ಲಕ್ಷ ಯೂನಿಟ್, ಒಂದು ಗಂಟೆಯೂ ಪೂರ್ಣ ಲೋಡಿನಲ್ಲಿ ಅಲ್ಲ. 500 ಕಿಲೋವ್ಯಾಟ್ ಎಂಜಿನ್‌ನ ಕೆಳಮಿತಿ 250. ಅದು ಹಗಲಿನ 3,300 ಗಂಟೆ ಪೂರ್ಣ ಲೋಡಿನಲ್ಲಿಯೂ, 2,500 ಗಂಟೆ 435ರಲ್ಲಿಯೂ, ಬೇಕೆಂದರೆ ಇನ್ನೂ 2,000 ಗಂಟೆ 275ರಲ್ಲಿಯೂ ಓಡುತ್ತದೆ. ಒಟ್ಟು 32.9 ಲಕ್ಷ ಯೂನಿಟ್. ರಾತ್ರಿ ಪೂರ್ತಿ ನಿಲ್ಲಿಸಿದರೂ 27.4 ಲಕ್ಷ. ಅರ್ಧ ಗಾತ್ರದ ಎಂಜಿನ್ ಹೆಚ್ಚು ಉಪಯುಕ್ತ ಯೂನಿಟ್ ಕೊಡುತ್ತದೆ ಎಂದು ನಾನು ಮೊದಲೇ ಹೇಳಿದ್ದು ಇದರಿಂದ.

1,000 ಕಿಲೋವ್ಯಾಟ್ ಎಂಜಿನ್ ಅನ್ನೂ ಸಂಜೆ 500ರಲ್ಲಿ ಓಡಿಸಿ, ವಿಎಎಂಗೆ ಹೋಗಬೇಕಾದ ಶಾಖವನ್ನು ಡಂಪ್ ರೇಡಿಯೇಟರ್ ಮೂಲಕ ಗಾಳಿಗೆ ಬಿಡಬಹುದಲ್ಲ ಎಂದು ಅವರು ಹೇಳಿಯಾರು. ಹೇಳಿದರೆ ಅವರ ಲಾಭದ ಲೆಕ್ಕದಲ್ಲಿ ಆ ಗಂಟೆಗಳ ತಂಪನ್ನು ಪೂರ್ತಿ ಬೆಲೆಗೆ ಸೇರಿಸಿದ್ದಾರೆಯೇ ಎಂದು ನೋಡಿ. ಸಾಮಾನ್ಯವಾಗಿ ಸೇರಿಸಿರುತ್ತಾರೆ.

ನಡುವಿನ ಗಾತ್ರಗಳ ಬಗ್ಗೆಯೂ ಯೋಚಿಸಬೇಕು. 700 ಕಿಲೋವ್ಯಾಟ್ ಎಂಜಿನ್ ರಾತ್ರಿ ನಿಂತರೂ 33.6 ಲಕ್ಷ ಯೂನಿಟ್ ಕೊಡುತ್ತದೆ. ಹಾಗಾದರೆ ಅದೇ ಮೇಲಲ್ಲವೇ? ಇಲ್ಲಿ ರೇಖೆಯನ್ನು ಅಡ್ಡಲಾಗಿ ಓದಬೇಕು. ಎಂಜಿನ್‌ಗೆ ಸೇರಿಸುವ ಪ್ರತಿ ಹೆಚ್ಚುವರಿ ಕಿಲೋವ್ಯಾಟ್, ಆ ಎತ್ತರದಲ್ಲಿ ರೇಖೆ ಎಷ್ಟು ಅಗಲವಿದೆಯೋ ಅಷ್ಟು ಗಂಟೆ ಮಾತ್ರ ದುಡಿಯುತ್ತದೆ. 435ರಿಂದ 685ರವರೆಗಿನ ಪಟ್ಟಿ 3,300 ಗಂಟೆ ದುಡಿಯುತ್ತದೆ. ಅಷ್ಟು ಗಂಟೆಗಳ ಲಾಭ ಆ ಕಿಲೋವ್ಯಾಟ್‌ನ ವಾರ್ಷಿಕ ಬಂಡವಾಳ ವೆಚ್ಚವನ್ನು ತೀರಿಸುವುದೇ ಎಂಬುದೇ ಗಾತ್ರದ ಪ್ರಶ್ನೆಯ ತಿರುಳು, ಮತ್ತು ಉತ್ತರ ಗ್ಯಾಸ್ ದರದಲ್ಲಿದೆ.

ದರಗಳು ಬದಲಾಗುತ್ತಲೇ ಇರುವುದರಿಂದ ಊಹೆಯ ಅಂಕಿಗಳಲ್ಲಿ ತೋರಿಸುತ್ತೇನೆ, ನಿಮ್ಮವನ್ನು ತುಂಬಿಕೊಳ್ಳಿ. ಗ್ರಿಡ್ ಯೂನಿಟ್ ಎಲ್ಲ ಸೇರಿ 9 ರೂಪಾಯಿ ಎನ್ನಿ. ಎಂಜಿನ್‌ನ ಒಂದು ಯೂನಿಟ್ ತಾನೊಂದು ಯೂನಿಟ್ ಉಳಿಸಿ, ತಂಪಿನ ಮೂಲಕ ಇನ್ನೂ 0.185 ಯೂನಿಟ್ ಉಳಿಸುತ್ತದೆ. ಒಟ್ಟು ಮೌಲ್ಯ 10.67 ರೂಪಾಯಿ. ನಿರ್ವಹಣೆಗೆ 1.20 ಕಳೆದರೆ ಉಳಿಯುವುದು ಸುಮಾರು 9.45. ಒಂದು ಘನ ಮೀಟರ್ ಗ್ಯಾಸ್‌ನಲ್ಲಿ ನಿವ್ವಳ 9.75 ಕಿಲೋವ್ಯಾಟ್ ಗಂಟೆಯಷ್ಟು ಶಕ್ತಿ ಇದೆ ಎಂದರೆ, 40 ಪ್ರತಿಶತ ದಕ್ಷತೆಯಲ್ಲಿ 3.9 ಯೂನಿಟ್ ಹುಟ್ಟುತ್ತದೆ. 9.45 ಗುಣಿಸು 3.9 ಎಂದರೆ ಸುಮಾರು 37 ರೂಪಾಯಿ. ಗ್ಯಾಸ್ ಘನ ಮೀಟರಿಗೆ ತೆರಿಗೆ ಸೇರಿ 37 ರೂಪಾಯಿ ದಾಟಿದ್ದರೆ ಎಂಜಿನ್ ಅನ್ನು ಉಚಿತವಾಗಿ ಕೊಟ್ಟರೂ ಓಡಿಸುವುದರಲ್ಲಿ ನಷ್ಟವಿದೆ. ದಯವಿಟ್ಟು ಈ ಒಂದು ಸಾಲಿನ ಲೆಕ್ಕವನ್ನು ಎಲ್ಲಕ್ಕಿಂತ ಮೊದಲು ಮಾಡಿ. ಗ್ಯಾಸ್ ಕಂಪನಿಗಳು ದರವನ್ನು ಮೇಲ್ಮಟ್ಟದ ಶಾಖಮೌಲ್ಯಕ್ಕೆ ಹೇಳುತ್ತವೆ, ಎಂಜಿನ್ ತಯಾರಕರು ದಕ್ಷತೆಯನ್ನು ಕೆಳಮಟ್ಟದ್ದಕ್ಕೆ ಹೇಳುತ್ತಾರೆ. ಎರಡನ್ನೂ ಬೆರೆಸಿದರೆ ಸುಮಾರು ಹತ್ತು ಪ್ರತಿಶತ ಸುಳ್ಳು ಲಾಭ ಕಾಣುತ್ತದೆ.

ಗ್ಯಾಸ್ 30 ರೂಪಾಯಿಗೆ ಸಿಕ್ಕರೆ ಯೂನಿಟ್‌ನ ಇಂಧನ ವೆಚ್ಚ 7.70, ಉಳಿಕೆ 1.75. ಹೆಚ್ಚುವರಿ ಕಿಲೋವ್ಯಾಟ್‌ನ ವಾರ್ಷಿಕ ಬಂಡವಾಳ ಹೊರೆ 8,000 ರೂಪಾಯಿ ಎಂದು ಹಿಡಿದರೆ ಅದು ತೀರಲು ಸುಮಾರು 4,570 ಗಂಟೆ ಬೇಕು. ರೇಖೆ ಅಷ್ಟು ಅಗಲ ಇರುವುದು 435 ಕಿಲೋವ್ಯಾಟ್ ಎತ್ತರದವರೆಗೆ ಮಾತ್ರ. ಗ್ಯಾಸ್ 25 ರೂಪಾಯಿಯಾದರೆ ಉಳಿಕೆ 3.05ರ ಆಸುಪಾಸು, ಬೇಕಾದ ಗಂಟೆಗಳು ಸುಮಾರು 2,600. ಆಗ 685ರವರೆಗೂ ಹೋಗಬಹುದು. ಯಾವ ದರದಲ್ಲೂ ರೇಖೆ 1,000 ಕಿಲೋವ್ಯಾಟ್ ಎತ್ತರವನ್ನು ಮುಟ್ಟುವುದೇ ಇಲ್ಲ. ಗ್ಯಾಸ್ ದರ ಮುಂದೆ ಏರಿದರೂ ಕೈಸುಡದಿರಲಿ ಎಂಬ ಎಚ್ಚರದಿಂದ ನಾನು ಕೆಳಗಿನ ತುದಿಯ ಕಡೆಗೆ, ಅಂದರೆ 450ರಿಂದ 500ರ ನಡುವೆ ನಿಲ್ಲುತ್ತೇನೆ.

ರಾತ್ರಿಯ 2,000 ಗಂಟೆಗಳ ಬಗ್ಗೆ ಒಂದು ಮಾತು. 500ರ ಎಂಜಿನ್ 275ರಲ್ಲಿ ಓಡುವಾಗ ದಕ್ಷತೆ 37 ಪ್ರತಿಶತದ ಹತ್ತಿರ ಇಳಿಯುತ್ತದೆ. ನಿರ್ವಹಣಾ ಒಪ್ಪಂದವೋ ಓಡಿದ ಗಂಟೆಗೆ ಹಣ ಕೇಳುತ್ತದೆ, ಯೂನಿಟ್‌ಗೆ ಅಲ್ಲ. ಪೂರ್ಣ ಲೋಡಿನಲ್ಲಿ 1.20 ಇದ್ದದ್ದು ಆಗ ಯೂನಿಟ್‌ಗೆ 2.20ರಷ್ಟಾಗುತ್ತದೆ. 30 ರೂಪಾಯಿ ಗ್ಯಾಸ್‌ನಲ್ಲಿ ಕೈಗೆ ಏನೂ ಉಳಿಯುವುದಿಲ್ಲ, ನಿಲ್ಲಿಸುವುದೇ ಸರಿ. 25 ರೂಪಾಯಿಯಲ್ಲಿ ಸುಮಾರು ಒಂದೂವರೆ ರೂಪಾಯಿ ಉಳಿಯುತ್ತದೆ, ಓಡಿಸಬಹುದು. ಎಂಜಿನ್ ರಾತ್ರಿ ನಿಲ್ಲುವುದಾದರೆ ಬೆಳಗಿನ ಸ್ನಾನದ ನೀರಿಗಾಗಿ 10,000 ಲೀಟರ್‌ನ ಇನ್ಸುಲೇಟೆಡ್ ಟ್ಯಾಂಕ್ ಇಟ್ಟುಕೊಳ್ಳಿ. ಹಿಂದಿನ ಸಂಜೆ ಅದನ್ನು 30 ಡಿಗ್ರಿ ಏರಿಸಿಟ್ಟರೆ ಸುಮಾರು 350 ಕಿಲೋವ್ಯಾಟ್ ಗಂಟೆಯಷ್ಟು ಶಾಖ ಬೆಳಗಿಗೆ ಸಿದ್ಧವಿರುತ್ತದೆ.

ವಿಎಎಂ ಗಾತ್ರವನ್ನು ಎಂಜಿನ್ ನಿರ್ಧರಿಸುತ್ತದೆ, ನಿಮ್ಮ 400 ಟನ್ ಗರಿಷ್ಠ ಬೇಡಿಕೆಯಲ್ಲ. 500 ಕಿಲೋವ್ಯಾಟ್ ಶಾಖಕ್ಕೆ 140 ಟನ್ ಸಾಕು. ಉಳಿದದ್ದನ್ನು ಈಗಿನ ವಿದ್ಯುತ್ ಚಿಲ್ಲರ್‌ಗಳೇ ಕೊಡಲಿ. ಬೆಂಗಳೂರಿನಲ್ಲಿ ಮರೆಯಬಾರದ ವಿಷಯ ನೀರು. ವಿಎಎಂ ತಂಪಿನ ಜೊತೆ ತನಗೆ ಬಂದ ಶಾಖವನ್ನೂ ಕೂಲಿಂಗ್ ಟವರ್‌ಗೆ ಹೊರಹಾಕುತ್ತದೆ. 140 ಟನ್‌ಗೆ ವಿದ್ಯುತ್ ಚಿಲ್ಲರ್ ಹೊರಹಾಕುವುದು ಸುಮಾರು 580 ಕಿಲೋವ್ಯಾಟ್, ವಿಎಎಂ ಹೊರಹಾಕುವುದು 980. ಈ ವ್ಯತ್ಯಾಸಕ್ಕೆ ಪೂರ್ಣ ಲೋಡಿನಲ್ಲಿ ಗಂಟೆಗೆ ಸುಮಾರು 600 ಲೀಟರ್ ಹೆಚ್ಚುವರಿ ನೀರು ಆವಿಯಾಗುತ್ತದೆ, ಬ್ಲೋಡೌನ್ ಬೇರೆ. ನೀವು ಟ್ಯಾಂಕರ್ ನೀರು ಕೊಳ್ಳುವವರಾದರೆ ಆ ಖರ್ಚನ್ನು ಯೂನಿಟ್‌ನ ಲಾಭದಿಂದ ಕಳೆಯಲೇಬೇಕು.

ಈಗ ಮಾಡಬೇಕಾದ ಕೆಲಸ ಅಳತೆ. ಎಚ್‌ಟಿ ಮೀಟರ್‌ನ ಲೋಡ್ ಸರ್ವೆ ದಾಖಲೆಯನ್ನು ಪ್ರತಿ ತಿಂಗಳೂ ಇಳಿಸಿಕೊಳ್ಳಿ, ಏಕೆಂದರೆ ಮೀಟರ್ ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಚಿಲ್ಡ್ ವಾಟರ್ ಹೆಡರ್‌ಗೆ ನಿಜವಾದ ತಂಪಿನ ಪ್ರಮಾಣ ಅಳೆಯುವ ಒಂದು ಬಿಟಿಯು ಮೀಟರ್ ಹಾಕಿಸಿ. ಅದಿಲ್ಲದೆ ಚಿಲ್ಲರ್‌ನ ನಾಮಫಲಕದ ಟನ್ನುಗಳನ್ನು ನಂಬಿದರೆ ಇಡೀ ಲೆಕ್ಕ ಕುಸಿಯುತ್ತದೆ. ರಾತ್ರಿಯ 70 ಟನ್ ನಿಜವಾಗಿ 45 ಇದ್ದರೆ ಉಪಯುಕ್ತ ಲೋಡ್ 190ಕ್ಕೆ ಇಳಿದು ರಾತ್ರಿಯ ಓಟವೇ ಇಲ್ಲವಾಗುತ್ತದೆ. ಕನಿಷ್ಠ ಒಂದು ಏಪ್ರಿಲ್, ಒಂದು ಆಗಸ್ಟ್, ಒಂದು ಡಿಸೆಂಬರ್ ತಿಂಗಳ ದಾಖಲೆ ಕೈಯಲ್ಲಿಲ್ಲದೆ ಆರ್ಡರ್ ಕೊಡಬೇಡಿ.

ಟೆಂಡರ್‌ನಲ್ಲಿ ವಿದ್ಯುತ್ ದಕ್ಷತೆ ಮತ್ತು ವಿಎಎಂನ ಟನ್ನುಗಳನ್ನು 100, 75 ಮತ್ತು 50 ಪ್ರತಿಶತ ಲೋಡಿನಲ್ಲಿ ಪ್ರತ್ಯೇಕವಾಗಿ, ಬೆಂಗಳೂರಿನ ಸುಮಾರು 900 ಮೀಟರ್ ಎತ್ತರಕ್ಕೆ ಖಾತರಿ ಕೇಳಿ. ಸ್ಥಾವರ ಚಾಲೂ ಆದ ಮೇಲೆ ಎರಡು ಅಂಕಿಗಳನ್ನು ದಿನವೂ ಬರೆಸಿಡಿ: ಡಂಪ್ ರೇಡಿಯೇಟರ್ ಫ್ಯಾನ್ ಓಡಿದ ಗಂಟೆಗಳು ಮತ್ತು ಹೊಗೆಯ ಬೈಪಾಸ್ ಡ್ಯಾಂಪರ್ ತೆರೆದಿದ್ದ ಗಂಟೆಗಳು. ಇವು ರಾತ್ರಿ ಮಾತ್ರ ಏರಿದರೆ ಎಂಜಿನ್ ಲೋಡನ್ನು ಶಾಖಕ್ಕೆ ತಕ್ಕಂತೆ ಇಳಿಸುವ ಕಂಟ್ರೋಲ್ ಸೆಟ್ಟಿಂಗ್ ತಪ್ಪಿದೆ. ಹಗಲಲ್ಲೂ ಏರಿದರೆ ವಿದ್ಯುತ್ ಚಿಲ್ಲರ್ ವಿಎಎಂಗಿಂತ ಮೊದಲೇ ಲೋಡ್ ಎತ್ತಿಕೊಳ್ಳುತ್ತಿದೆ ಎಂದರ್ಥ. ಆಗ ಚಿಲ್ಲರ್‌ಗಳ ಚಾಲನಾ ಕ್ರಮವನ್ನು ಬದಲಿಸಿ, ವಿಎಎಂ ಅನ್ನು ಮೊದಲ ಸಾಲಿಗೆ ತನ್ನಿ.